ಡಬ್ಲ್ಯುಪಿಎ3 ರೂಟರ್ ಹಾಕಿದರೂ ನಮ್ಮ ಹೋಮ್‌ಸ್ಟೇ ಹೆಸರಲ್ಲೇ ಇನ್ನೊಂದು ವೈಫೈ, ಎಂತ ಮಾಡುವುದು?

ಕಡಲಮನೆ:
ಮಲ್ಪೆ ಹತ್ತಿರ ನಮ್ಮದು 4 ರೂಮಿನ ಹೋಮ್‌ಸ್ಟೇ. ಹಳೆ ರೂಟರ್ ಸಿಡಿಲಿಗೆ ಸುಟ್ಟು ಹೋಯಿತು. ಹೊಸದು ತಂದೆ, ಬಾಕ್ಸ್ ಮೇಲೆ ವೈಫೈಯ ಹೊಸ ಭದ್ರತಾ ಪದ್ಧತಿ ಡಬ್ಲ್ಯುಪಿಎ3 ಅಂತ ದೊಡ್ಡದಾಗಿ ಬರೆದಿತ್ತು. ಇನ್ನು ಚಿಂತೆ ಇಲ್ಲ ಅಂದುಕೊಂಡಿದ್ದೆ. ಕಳೆದ ಶನಿವಾರ ಇಬ್ಬರು ಗೆಸ್ಟ್ ದೂರು ಹೇಳಿದರು. ಅವರ ಹಳೆ ಫೋನಿನಲ್ಲಿ ವೈಫೈ ಪದೇ ಪದೇ ಕಟ್ ಆಗುತ್ತದಂತೆ. ಮತ್ತೆ ಕನೆಕ್ಟ್ ಮಾಡಿದರೆ ಒಂದು ಪೇಜ್ ಬಂದು ಜಿಮೇಲ್ ಪಾಸ್‌ವರ್ಡ್ ಕೇಳುತ್ತದಂತೆ. ನಾನು ಅಂಥ ಪೇಜ್ ಇಟ್ಟೇ ಇಲ್ಲ! ಒಬ್ಬರು ಪಾಸ್‌ವರ್ಡ್ ಹಾಕಿಯೂ ಆಗಿದೆ. ವಿಚಿತ್ರ ಅಂದರೆ ನನ್ನ ಲ್ಯಾಪ್‌ಟಾಪ್ ಒಮ್ಮೆಯೂ ಕಟ್ ಆಗಲಿಲ್ಲ. ರೂಟರ್ ಹ್ಯಾಕ್ ಆಗಿದೆಯಾ?

ಬಂದರ್_ಹುಡುಗ:
ಅಣ್ಣ, ಹಳೆ ಪದ್ಧತಿ ಡಬ್ಲ್ಯುಪಿಎ2 2017ರಲ್ಲೇ ಒಡೆದು ಹೋಗಿದೆ, ಕ್ರ್ಯಾಕ್ ಅಂತ ಅದರ ಹೆಸರು. ನಿಮ್ಮ ರೂಟರ್ ಒಳಗೊಳಗೆ ಡಬ್ಲ್ಯುಪಿಎ2ನಲ್ಲೇ ಓಡುತ್ತಿರಬೇಕು. ಯಾರೋ ಪಾಸ್‌ವರ್ಡ್ ಒಡೆದು ಒಳಗೆ ಬಂದಿದ್ದಾರೆ. ವೈಫೈ ಹೆಸರು ಹೈಡ್ ಮಾಡಿ, ಮುಗಿಯಿತು.

ತೆಂಕಪೇಟೆ_ಪ್ರಿಂಟ್ಸ್:
ನನ್ನದೂ ಇದೇ ಕತೆ ಮಾರಾಯ್ರೆ. ಅಂಗಡಿಯಲ್ಲಿ ಡಬ್ಲ್ಯುಪಿಎ3 ಹಾಕಿದ ದಿನದಿಂದ ಹಳೆ ಪ್ರಿಂಟರ್‌ಗೆ ವೈಫೈ ಕಾಣುವುದೇ ಇಲ್ಲ. ಪರಿಹಾರ ಸಿಕ್ಕಿದರೆ ನನಗೂ ಹೇಳಿ.

ಮಣಿಪಾಲ_ಆಂಟೆನಾ:
ಪ್ರಿಂಟರ್‌ನವರದ್ದು ಬೇರೆ ವಿಷಯ, ಆಮೇಲೆ ನೋಡುವ.

ಕಡಲಮನೆಯವರೇ, ರೂಟರ್ ಹ್ಯಾಕ್ ಆದ ಹಾಗೆ ಕಾಣುವುದಿಲ್ಲ. ನಿಮ್ಮ ಹೆಸರಿನಲ್ಲಿ ಎರಡನೇ ವೈಫೈ ಎದ್ದಿದೆಯಾ ಅಂತ ಮೊದಲು ನೋಡಬೇಕು. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಉಂಟಾ? ಗೆಸ್ಟ್ ದೂರು ಹೇಳುವ ಹೊತ್ತಿಗೇ ಅವರ ರೂಮಿನ ಹತ್ತಿರ ನಿಂತು ಇದನ್ನು ಹೊಡೆಯಿರಿ:

```
nmcli -f SSID,CHAN,SIGNAL,SECURITY dev wifi list
```

ಜೊತೆಗೆ, ರೂಟರ್ ಪೇಜಿನಲ್ಲಿ ಸೆಕ್ಯುರಿಟಿ ಅಂತ ಇರುವ ಕಡೆ ಯಾವುದು ಆಯ್ಕೆಯಾಗಿದೆ ಹೇಳಿ.

ಕಡಲಮನೆ:
ಉಂಟು, ಮಗ ಉಬುಂಟು ಹಾಕಿಕೊಟ್ಟಿದ್ದಾನೆ. ಇವತ್ತು ರಾತ್ರಿ 9ಕ್ಕೆ ಮೂರನೇ ರೂಮಿನ ಬಾಗಿಲಲ್ಲಿ ನಿಂತು ಹೊಡೆದೆ. ನಮ್ಮ ಹೆಸರಿನದ್ದು ಎರಡು ಸಾಲು ಬಂತು:

```
SSID        CHAN  SIGNAL  SECURITY
KadalaMane  6     47      WPA2 WPA3
KadalaMane  11    82      --
```

ರೂಟರ್‌ನಲ್ಲಿ `WPA2/WPA3-Personal` ಅಂತ ಇದೆ. ಬರುವಾಗಲೇ ಹಾಗೆ ಇತ್ತು. ಅರ್ಧ ಗಂಟೆ ಬಿಟ್ಟು ನೋಡಿದರೆ ಎರಡನೇ ಸಾಲು ಮಾಯ.

ಮಣಿಪಾಲ_ಆಂಟೆನಾ:
ಸಿಕ್ಕಿತು. ಎರಡನೇ ಸಾಲೇ ನಕಲಿ. ಕೊನೆಯಲ್ಲಿ ಎರಡು ಗೆರೆ ಇದ್ದರೆ ಬೀಗವೇ ಇಲ್ಲ, ಓಪನ್ ಅಂತ ಅರ್ಥ. ಸಿಗ್ನಲ್ ನಿಮ್ಮದಕ್ಕಿಂತ ಜಾಸ್ತಿ, ಹಾಗಾಗಿ ಅದು ರೂಮಿನ ಹತ್ತಿರವೇ ಇದ್ದಿರಬೇಕು.

ವೈಫೈ ಹೆಸರು ಅಂಗಡಿಯ ಬೋರ್ಡ್ ಇದ್ದ ಹಾಗೆ. ಯಾರು ಬೇಕಾದರೂ ಅದೇ ಬೋರ್ಡ್ ಬರೆಸಿ ಪಕ್ಕದಲ್ಲಿ ಅಂಗಡಿ ತೆರೆಯಬಹುದು. ನಿಮ್ಮ ಅಂಗಡಿಯ ಬೀಗ ಎಷ್ಟು ಗಟ್ಟಿ ಇದ್ದರೂ ಆ ಅಂಗಡಿಯನ್ನು ತಡೆಯುವುದಿಲ್ಲ, ಅಲ್ವಾ? ಬೀಗ ಇದ್ದ ವೈಫೈ ಸೇವ್ ಆಗಿರುವ ಫೋನ್ ಸಾಮಾನ್ಯವಾಗಿ ತಾನಾಗಿ ಆ ಓಪನ್ ಒಂದಕ್ಕೆ ಹೋಗುವುದಿಲ್ಲ. ಆದರೆ ನೆಟ್ ಕಟ್ ಆದಾಗ ಗೆಸ್ಟ್ ಪಟ್ಟಿ ತೆರೆಯುತ್ತಾರೆ, ಅದೇ ಹೆಸರು ಫುಲ್ ಸಿಗ್ನಲ್‌ನಲ್ಲಿ ಕಾಣುತ್ತದೆ, ಒತ್ತುತ್ತಾರೆ. ಪೇಜ್ ಬಂದರೂ ಅನುಮಾನ ಬರುವುದಿಲ್ಲ. ರೈಲ್ವೆ ಸ್ಟೇಷನ್ನಿನ ಫ್ರೀ ವೈಫೈಯಲ್ಲಿ ಪೇಜ್ ಬಂದು ನಂಬರ್, ಓಟಿಪಿ ಕೇಳುವುದು ಎಲ್ಲರಿಗೂ ಅಭ್ಯಾಸ ಆಗಿ ಹೋಗಿದೆ. ಅಂಥ ಪೇಜ್ ತೆರೆಯುವ ಚಿಕ್ಕ ಕಿಟಕಿಯಲ್ಲಿ ಎಷ್ಟೋ ಸಲ ಅಡ್ರೆಸ್ ಕೂಡ ಸರಿಯಾಗಿ ಕಾಣುವುದಿಲ್ಲ.

ಇನ್ನು ಲ್ಯಾಪ್‌ಟಾಪ್ ಯಾಕೆ ಕಟ್ ಆಗಲಿಲ್ಲ? ಹಳೆ ಪದ್ಧತಿಯಲ್ಲಿ ರೂಟರ್ 'ನೀನು ಹೊರಗೆ ಹೋಗು' ಅಂತ ಕಳಿಸುವ ಸಂದೇಶಕ್ಕೆ ಯಾವ ಮುದ್ರೆಯೂ ಇರಲಿಲ್ಲ. ಯಾರೋ ರೂಟರ್ ಹೆಸರಲ್ಲಿ ಅದನ್ನು ಕಳಿಸಿದರೆ ಫೋನ್ ಸುಮ್ನೆ ಹೊರಗೆ ಬರುತ್ತದೆ. ಡಬ್ಲ್ಯುಪಿಎ3ರಲ್ಲಿ ಆ ಸಂದೇಶಕ್ಕೆ ರಕ್ಷಣೆ ಕಡ್ಡಾಯ. ಡಬ್ಲ್ಯುಪಿಎ2ರಲ್ಲಿ ಅದು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ನಿಮ್ಮ ರೂಟರ್ ಎರಡನ್ನೂ ಒಪ್ಪುವ ಮೋಡ್‌ನಲ್ಲಿದೆ. ಲ್ಯಾಪ್‌ಟಾಪ್ ಹೊಸ ಪದ್ಧತಿಯಲ್ಲಿ ಸೇರಿತ್ತು, ಗೆಸ್ಟ್‌ಗಳ ಹಳೆ ಫೋನ್ ಹಳೆಯದರಲ್ಲಿ. ಬರೀ ಹಳೆ ಫೋನ್‌ಗಳೇ ಬೀಳುವುದು ನೋಡಿ ನನಗೆ ಈ ಅನುಮಾನ ಬಂದದ್ದು. ನೂರಕ್ಕೆ ನೂರು ಹೇಳಲಾರೆ. 47 ಸಿಗ್ನಲ್‌ಗೆ ಹಳೆ ಫೋನ್ ತಾನಾಗಿಯೂ ಬೀಳಬಹುದು.

ಬಂದರ್_ಹುಡುಗರೇ, ಕ್ರ್ಯಾಕ್ ನಿಜ, ಆದರೆ ಅದು ವೈಫೈ ಪಾಸ್‌ವರ್ಡ್ ಕದಿಯುತ್ತಿರಲಿಲ್ಲ. ಅಪ್‌ಡೇಟ್ ಬಂದು ಮುಚ್ಚಿದ ರಂಧ್ರ ಅದು. ಹೆಸರು ಹೈಡ್ ಮಾಡಿದರೆ ಇನ್ನೂ ಕಷ್ಟ. ಗೆಸ್ಟ್ ಮನೆಗೆ ಹೋದ ಮೇಲೂ ಫೋನ್ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕುತ್ತದೆ.

ಬಂದರ್_ಹುಡುಗ:
ಸರಿ, ಒಪ್ಪಿದೆ. ಹಾಗಾದರೆ ಡಬ್ಲ್ಯುಪಿಎ3 ಹಾಕಿ ಲಾಭ ಎಂತ?

ಮಣಿಪಾಲ_ಆಂಟೆನಾ:
ಲಾಭ ಉಂಟು. ಡಬ್ಲ್ಯುಪಿಎ2ರಲ್ಲಿ ಫೋನ್ ರೂಟರ್‌ಗೆ ಸೇರುವಾಗಿನ ಮಾತುಕತೆಯನ್ನು ಹೊರಗಿನವನು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಮನೆಯಲ್ಲಿ ಕೂತು ಕೋಟಿಗಟ್ಟಲೆ ಪಾಸ್‌ವರ್ಡ್ ಹೊಂದಿಸಿ ನೋಡಬಹುದು. ಊರಿನ ಹೆಸರಿಗೆ 123 ಸೇರಿಸಿದ್ದೆಲ್ಲ ಬೇಗ ಸಿಗುತ್ತದೆ. ಡಬ್ಲ್ಯುಪಿಎ3ರಲ್ಲಿ ಪ್ರತಿ ಊಹೆಗೂ ರೂಟರ್‌ನ ಎದುರೇ ಬಂದು ಕೇಳಬೇಕು. ಅಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಆದರೆ ಎರಡನ್ನೂ ಒಪ್ಪುವ ಮೋಡ್‌ನಲ್ಲಿ ಒಂದು ತೂತು ಇದೆ. 2019ರಲ್ಲಿ ವ್ಯಾನ್‌ಹೂಫ್ ಮತ್ತು ರೋನೆನ್ ಎಂಬ ಸಂಶೋಧಕರು ಅದನ್ನು ತೋರಿಸಿದರು. ಕಳ್ಳ ಅದೇ ಹೆಸರಿನಲ್ಲಿ ಬರೀ ಡಬ್ಲ್ಯುಪಿಎ2 ಎಬ್ಬಿಸುತ್ತಾನೆ. ಹೊಸ ಫೋನ್ ಕೂಡ ಹಳೆ ಪದ್ಧತಿಗೆ ಇಳಿದು ಮಾತು ಶುರು ಮಾಡುತ್ತದೆ. ಎದುರಿನವನು ನಕಲಿ ಅಂತ ಗೊತ್ತಾಗುವ ಮೊದಲೇ, ಮನೆಯಲ್ಲಿ ಕೂತು ಊಹಿಸಲು ಬೇಕಾದಷ್ಟು ಅವನ ಕೈ ಸೇರಿರುತ್ತದೆ.

ಕಡಲಮನೆ:
ನಮ್ಮ ಪಾಸ್‌ವರ್ಡ್ ನಾಲ್ಕೂ ರೂಮಿನಲ್ಲಿ ಕಾರ್ಡ್ ಮೇಲೆ ಬರೆದು ಇಟ್ಟಿದ್ದೇನೆ 😅 ಒಡೆಯುವ ಕೆಲಸವೇ ಇಲ್ಲ.

ಮಣಿಪಾಲ_ಆಂಟೆನಾ:
ಹೌದಲ್ಲ! ಹಾಗಿದ್ದರೆ ಇವನು ಸೋಮಾರಿ. ಕಾರ್ಡ್ ನೋಡಿದ್ದರೆ ಅದೇ ಹೆಸರು, ಅದೇ ಪಾಸ್‌ವರ್ಡ್, ಬೀಗದ ಚಿತ್ರ ಸಮೇತ ಡಬ್ಲ್ಯುಪಿಎ3ಯನ್ನೇ ಎಬ್ಬಿಸಬಹುದಿತ್ತು. ಆಗ ಫೋನ್ ತಾನಾಗಿಯೇ ಹೋಗಿ ಸೇರುತ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದವನನ್ನೆಲ್ಲ ಅದು ಮನೆಯವನೆಂದೇ ನಂಬುತ್ತದೆ. ಅಂಥದ್ದರಲ್ಲಿ ಸಿಕ್ಕಿಬಿದ್ದರೆ ಉಳಿಯುವುದು ವೆಬ್‌ಸೈಟಿನ ಎಚ್‌ಟಿಟಿಪಿಎಸ್ ಮಾತ್ರ. ಬ್ರೌಸರ್ ಸರ್ಟಿಫಿಕೇಟ್ ಎಚ್ಚರಿಕೆ ತೋರಿಸಿದರೆ ಮುಂದೆ ಒತ್ತಬಾರದು.

ನಾನಾದರೆ ಹೀಗೆ ಮಾಡುತ್ತಿದ್ದೆ. ಮನೆಯವರಿಗೆ ಬೇರೆ ಹೆಸರು, ಬರೀ ಡಬ್ಲ್ಯುಪಿಎ3, ಕಾರ್ಡ್‌ನಲ್ಲಿ ಇಲ್ಲದ ಪಾಸ್‌ವರ್ಡ್. ಗೆಸ್ಟ್‌ಗಳಿಗೆ ಎರಡೂ ಒಪ್ಪುವ ಮೋಡ್ ಇರಲಿ, ಇಲ್ಲದಿದ್ದರೆ ಹಳೆ ಫೋನಿನವರು ನಿಮ್ಮ ಬಾಗಿಲು ತಟ್ಟುತ್ತಾರೆ. ಕಾರ್ಡ್ ಮೇಲೆ ಒಂದು ಸಾಲು ಸೇರಿಸಿ: 'ನಮ್ಮ ವೈಫೈಗೆ ಬೀಗದ ಗುರುತು ಉಂಟು, ಯಾವ ಪೇಜೂ ಬರುವುದಿಲ್ಲ. ಬಂದರೆ ನಮ್ಮನ್ನು ಕರೆಯಿರಿ.' ಈಗಿನ ಈ ಕಳ್ಳನಿಗೆ ರೂಟರ್ ಸೆಟ್ಟಿಂಗ್‌ಗಿಂತ ಆ ಸಾಲೇ ಜಾಸ್ತಿ ಕೆಲಸ ಮಾಡುತ್ತದೆ.

ಜಿಮೇಲ್ ಪಾಸ್‌ವರ್ಡ್ ಕೊಟ್ಟ ಗೆಸ್ಟ್‌ಗೆ ಈಗಲೇ ಫೋನ್ ಮಾಡಿ. ಮೊಬೈಲ್ ಡೇಟಾದಲ್ಲಿ ಪಾಸ್‌ವರ್ಡ್ ಬದಲಿಸಿ, ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡಲಿ. ರಿಕವರಿ ನಂಬರ್ ತಮ್ಮದೇ ಇದೆಯಾ ನೋಡಲಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಕಡಲಮನೆ:
ಅವರಿಗೆ ಹೇಳಿದೆ. ಯಾರೋ ಲಾಗಿನ್ ಪ್ರಯತ್ನ ಮಾಡಿದ್ದರಂತೆ, ಎರಡನೇ ಹಂತದ ಓಟಿಪಿ ಇದ್ದ ಕಾರಣ ಒಳಗೆ ಹೋಗಲಿಲ್ಲ. ಕಾರ್ಡ್ ಹೊಸದು ಪ್ರಿಂಟ್ ಹಾಕಿಸುತ್ತೇನೆ. ಈ ಶನಿವಾರ ಮೂರು ಸಲ ನೋಡಿದೆ, ಒಂದೇ ಸಾಲು ಬಂತು. ಯಾರು ಮಾಡಿದ್ದು ಅಂತ ಮಾತ್ರ ಗೊತ್ತಾಗಲಿಲ್ಲ. ಆ ವಾರ ಎರಡನೇ ರೂಮಿನಲ್ಲಿದ್ದವರ ಮೇಲೆ ಅನುಮಾನ, ಆದರೆ ಆಧಾರ ಇಲ್ಲದೆ ಹೇಳುವ ಹಾಗಿಲ್ಲ.

ತೆಂಕಪೇಟೆ_ಪ್ರಿಂಟ್ಸ್:
ಕಾರ್ಡ್ ನಾನೇ ಪ್ರಿಂಟ್ ಹಾಕಿ ಕೊಡುತ್ತಿದ್ದೆ, ಆದರೆ ಪ್ರಿಂಟರ್‌ಗೆ ಇನ್ನೂ ವೈಫೈ ಕಾಣುವುದಿಲ್ಲ.

ಮಣಿಪಾಲ_ಆಂಟೆನಾ:
ಅದಕ್ಕೆ ಡಬ್ಲ್ಯುಪಿಎ3 ಬರುವುದಿಲ್ಲ ಮಾರಾಯ್ರೆ. ಬೇರೆ ಹೆಸರಿನ ಇನ್ನೊಂದು ನೆಟ್‌ವರ್ಕ್‌ನಲ್ಲಿ 2.4 ಗಿಗಾಹರ್ಟ್ಸ್, ಡಬ್ಲ್ಯುಪಿಎ2, 20 ಅಕ್ಷರದ ಪಾಸ್‌ವರ್ಡ್ ಇಟ್ಟು ಅಲ್ಲಿಗೆ ಸೇರಿಸಿ. ಆಗದಿದ್ದರೆ ಯುಎಸ್‌ಬಿ ಕೇಬಲ್.