ಫೋನಿನಲ್ಲಿ ಡೆಸಿಬೆಲ್ ಅಳೆದು ದೂರು ಕೊಟ್ಟವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ: ಮನೆ ಪಕ್ಕ ಕಲ್ಯಾಣ ಮಂಟಪ. ರಾತ್ರಿ 11ಕ್ಕೆ ಮಲಗುವ ಕೋಣೆಯಲ್ಲಿ ನನ್ನ ಫೋನು 62 ತೋರಿಸಿತು, ಹೆಂಡತಿಯ ಫೋನು 54. ಯಾವುದನ್ನು ನಂಬಬೇಕು? ಇದರ ಮೇಲೆ ದೂರು ಕೊಡಬಹುದಾ?

ಮೂಲೆಮನೆ, ಮೈಸೂರು: ಎರಡನ್ನೂ ನಂಬಬೇಡಿ. ನಮ್ಮ ಹಿಂದೆಯೂ ಮಂಟಪವಿದೆ. ಎರಡು ಪದರದ ಗಾಜಿನ ಕಿಟಕಿಗೆ 85,000 ರೂಪಾಯಿ ಸುರಿದೆ. ಗೋಡೆ ಒಡೆದಿದ್ದಕ್ಕೆ ಪೇಂಟ್ ಬೇರೆ, 9,000. ಅಂಗಡಿಯವನು ತನ್ನ ಫೋನು ಹಿಡಿದು, 58 ಇದ್ದದ್ದು 46ಕ್ಕೆ ಇಳಿಯಿತು ಎಂದು ತೋರಿಸಿ ಬಾಕಿ ದುಡ್ಡು ತೆಗೆದುಕೊಂಡು ಹೋದ. ಮಾತು, ಹಾರ್ನ್ ಎಲ್ಲ ಕಮ್ಮಿಯಾಗಿದೆ, ನಿಜ. ಆದರೆ ಡಿಜೆ ಶುರುವಾದರೆ ಧಬ್ ಧಬ್ ಎದೆಗೇ ಬಡಿಯುತ್ತದೆ, ಬೀರುವಿನ ಬಾಗಿಲು ಗಡಗಡ ಅನ್ನುತ್ತದೆ. ಆಗಲೂ ಆ್ಯಪ್‌ನಲ್ಲಿ 46! ಸುಳ್ಳು ಹೇಳುವ ಆ್ಯಪ್ ಅದು.

ಅಳತೆಯವನು, ಪುತ್ತೂರು: ಆ್ಯಪ್ ಸುಳ್ಳು ಹೇಳಿಲ್ಲ ಸರ್. ಪರದೆಯ ಮೇಲೆ dBA ಎಂದಿರುತ್ತದೆ ನೋಡಿ. ಅದು ಕಿವಿಗೆ ಕಮ್ಮಿ ಕೇಳುವ ತಗ್ಗು ಸ್ಥಾಯಿಯ ಸದ್ದನ್ನು ಕಮ್ಮಿ ಮಾಡಿಯೇ ಲೆಕ್ಕ ಹಾಕುತ್ತದೆ. ಡಿಜೆಯ ಬೇಸ್ 63 ಹರ್ಟ್ಸ್ ಸುತ್ತ ಇದ್ದರೆ 26 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ dBC ಮಾಡಿ ನೋಡಿ, ಅದು ಬೇಸನ್ನು ಅಷ್ಟು ಕಳೆಯುವುದಿಲ್ಲ. A ಗಿಂತ C 15ಕ್ಕೂ ಜಾಸ್ತಿ ಬಂದರೆ ನಿಮ್ಮ ತೊಂದರೆ ಬೇಸ್‌ನದ್ದು. ಅದನ್ನು ಗಾಜು ಅಷ್ಟಾಗಿ ತಡೆಯುವುದಿಲ್ಲ. ಆದರೆ ಫೋನು ಇರುವುದು ಮಾತಿಗೆ. ಕೆಲವು ಫೋನುಗಳು ತಗ್ಗು ಸದ್ದನ್ನು ಮೊದಲೇ ಕತ್ತರಿಸುತ್ತವೆ. ಹಾಗಾಗಿ C ಕೂಡ ಇರುವುದಕ್ಕಿಂತ ಕಮ್ಮಿ ಬರಬಹುದು.

ಮೂಲೆಮನೆ, ಮೈಸೂರು: ಇದನ್ನು 94,000 ಹೋಗುವ ಮುಂಚೆ ಯಾರಾದರೂ ಹೇಳಬೇಕಿತ್ತು.

ಮಂಟಪದವರು, ದಾವಣಗೆರೆ: ನಾವೂ ಮಂಟಪ ನಡೆಸುವವರೇ. ಎಲ್ಲರೂ ನಮ್ಮ ಮೇಲೇ ಬೀಳುತ್ತೀರಿ. ಪಕ್ಕದ ಮನೆಯವರು ಆ್ಯಪ್‌ನ Max ತೋರಿಸಿ ಜಗಳಕ್ಕೆ ಬಂದರು. ಪಟಾಕಿ ಒಂದು ಹೊಡೆದರೂ Max ಏರುತ್ತದೆ, ಕಾನೂನಿನಲ್ಲಿ ಇರುವುದು ಸರಾಸರಿ. ಒಂದು ಗಂಟೆಯಲ್ಲಿ ಬ್ಯಾಂಡ್ 10 ನಿಮಿಷ 80, ಉಳಿದ 50 ನಿಮಿಷ 50. ಸರಾಸರಿ 55. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55. ಎಲ್ಲಿದೆ ತಪ್ಪು?

ಅಳತೆಯವನು, ಪುತ್ತೂರು: Max ವಿಷಯ ಸರಿ, ದೂರಿಗೆ ಅದು ಸಾಕಾಗದು. ಲೆಕ್ಕ ಮಾತ್ರ ತಪ್ಪು. ಡೆಸಿಬೆಲ್ ಅಂಕಿಗಳನ್ನು ಕೂಡಿ ಭಾಗಿಸುವ ಹಾಗಿಲ್ಲ. 80ರ ಸದ್ದಿನಲ್ಲಿ 50ರದ್ದಕ್ಕಿಂತ ಸಾವಿರ ಪಟ್ಟು ಶಕ್ತಿ ಇದೆ. ಆ 10 ನಿಮಿಷವೇ ಇಡೀ ಗಂಟೆಯನ್ನು ನುಂಗುತ್ತದೆ. ನಿಮ್ಮ ಗಂಟೆಯ LAeq, ಅಂದರೆ ಶಕ್ತಿಯ ಲೆಕ್ಕದಲ್ಲಿ ತೆಗೆದ ಸರಾಸರಿ, ಸುಮಾರು 72.

ಮಂಟಪದವರು, ದಾವಣಗೆರೆ: ಅಂಥ ಲೆಕ್ಕ ಯಾವ ಪೊಲೀಸ್ ಮಾಡುತ್ತಾರೆ? ಅದೂ ಅಲ್ಲದೆ ನಮ್ಮದು ಮುಚ್ಚಿದ ಹಾಲ್. ರಾತ್ರಿ 10ರ ನಿಯಮ ಅದಕ್ಕಿಲ್ಲ.

ಗಿರಿಜಮ್ಮನ ಮಗಳು: ಅಣ್ಣಾ, ಮುಚ್ಚಿದ ಹಾಲ್‌ಗೆ ಧ್ವನಿವರ್ಧಕದ ನಿಷೇಧ ಇಲ್ಲದಿರಬಹುದು. ನಿಮ್ಮ ಗಡಿಯಲ್ಲಿ ಸದ್ದಿನ ಮಿತಿ ಇದೆಯಲ್ವಾ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಓದಿ. ಖಾಸಗಿ ಜಾಗದ ಸೌಂಡ್ ಸಿಸ್ಟಮ್ ಗಡಿಯಲ್ಲಿ ಮಿತಿಗಿಂತ 5 ಡೆಸಿಬೆಲ್ ಮೀರಬಾರದು. ರಾತ್ರಿ ವಸತಿ ಮಿತಿ 45, ಅಂದರೆ 50. ನನ್ನ ತೊಂದರೆಯೇ ಬೇರೆ. ಮೇಲಿನ ಮನೆಯವರು ಬೆಳಿಗ್ಗೆ ಐದಕ್ಕೇ ಗ್ರೈಂಡರ್ ಹಾಕುತ್ತಾರೆ. ಫೋನಿನಲ್ಲಿ ಬರೀ 47. ಅಮ್ಮನಿಗೆ ನಿದ್ದೆ ಇಲ್ಲ. ಅಂಕಿ ತೋರಿಸಿದರೆ "ಫ್ಯಾನಿನ ಸದ್ದೂ ಅಷ್ಟೇ" ಅನ್ನುತ್ತಾರೆ.

ಮಂಟಪದವರು, ದಾವಣಗೆರೆ: ಗ್ರೈಂಡರ್‌ಗೂ ಮಂಟಪಕ್ಕೂ ಏನು ಸಂಬಂಧ?

ಗಿರಿಜಮ್ಮನ ಮಗಳು: ನಿದ್ದೆ ಕೆಟ್ಟವರಿಗೆ ಗೊತ್ತು ಸಂಬಂಧ. ನೀವು ರಾತ್ರಿ ಬಾಡಿಗೆ ಎಣಿಸಿ.

ಅಳತೆಯವನು, ಪುತ್ತೂರು: ಜಗಳ ಸಾಕು. ಗಿರಿಜಮ್ಮನವರ ಮನೆಯಲ್ಲಿ ಮೊದಲು ಫ್ಯಾನ್ ಆರಿಸಿ ಅಳೆಯಲಿ. ಗ್ರೈಂಡರ್ ಇದ್ದಾಗಿನ, ಇಲ್ಲದಾಗಿನ ಅಂಕಿಗಳ ನಡುವೆ 3 ಡೆಸಿಬೆಲ್ ಕೂಡ ಇಲ್ಲದಿದ್ದರೆ ಫೋನು ಅದನ್ನು ಹಿಡಿಯಲಾರದು. ತೊಂದರೆ ಇಲ್ಲ ಎಂದು ಅರ್ಥವಲ್ಲ.

ಪ್ರಶ್ನೆ ಕೇಳಿದವರಿಗೆ: 62, 54 ಎರಡರಲ್ಲಿ ಯಾವುದು ನಿಜ ಎಂದು ಇಲ್ಲಿ ಕೂತು ಹೇಳಲಾಗದು. ಆಂಡ್ರಾಯ್ಡ್‌ನಲ್ಲಿ ಮಾಡೆಲ್‌ಗೊಂದು ಮೈಕು, ಆ್ಯಪ್‌ಗೆ ಅದರ ಅಂದಾಜಿಲ್ಲ. ಐಫೋನ್ ಇದ್ದರೆ NIOSH SLM ಎಂಬ ಆ್ಯಪ್ ಹಾಕಿ, ಅದು ಹೆಚ್ಚು ನಂಬಿಕೆಯದು. ಇಲ್ಲದಿದ್ದರೆ ಒಂದೇ ಫೋನಿನಲ್ಲಿ, ಕವರ್ ತೆಗೆದು, ಮೈಕಿಗೆ ಕೈ ಅಡ್ಡ ಇಡದೆ, ಗಡಿಯ ಹತ್ತಿರ ಒಂದೇ ಜಾಗದಲ್ಲಿ ಮಂಟಪ ಖಾಲಿ ಇದ್ದಾಗ ಮತ್ತು ಡಿಜೆ ಇದ್ದಾಗ 15 ನಿಮಿಷ LAeq ತೆಗೆಯಿರಿ. ಒಟ್ಟು ಅಂಕಿ ತಪ್ಪಿದ್ದರೂ ಎರಡರ ವ್ಯತ್ಯಾಸ ಬಹುಮಟ್ಟಿಗೆ ನಿಲ್ಲುತ್ತದೆ. ಸ್ಪೀಕರ್ ಹತ್ತಿರ ಹೋದಂತೆ ಅಂಕಿ ಏರದೆ ಒಂದೇ ಕಡೆ ನಿಂತರೆ ಮಾತ್ರ ಮೈಕು ಸೋತಿದೆ, ಆ ಫೋನು ಬಿಡಿ. ದೂರಿನ ಜೊತೆ ಇದನ್ನು ಕೊಡಿ, ಆದರೆ ತೀರ್ಮಾನಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕ್ಯಾಲಿಬ್ರೇಟ್ ಆದ ಮೀಟರ್ ತರಬೇಕು.

ಮೂಲೆಮನೆ, ಮೈಸೂರು: ಅವರು ಬರುವಾಗ ಡಿಜೆ ಇರಬೇಕಲ್ಲ. ನಮ್ಮಲ್ಲಿ 112ಕ್ಕೆ ಫೋನ್ ಮಾಡಿದರೆ ಗಾಡಿ ಗೇಟಿಗೆ ಬರುವಷ್ಟರಲ್ಲಿ ಸದ್ದು ಇಳಿದಿರುತ್ತದೆ.

ಮಂಟಪದವರು, ದಾವಣಗೆರೆ: ಇಳಿಸಿದರೂ ತಪ್ಪಾ?