ಓದುಗರ ಸ್ಪಂದನ: ಅಪ್ಪನ ಪಿಂಚಣಿ ಮಗಳಿಗೂ ಸಿಗುತ್ತಾ?

ಕಳೆದ ಸಂಚಿಕೆಯಲ್ಲಿ ಬಂಗಾರಪೇಟೆ ತಾಲ್ಲೂಕಿನ 26 ವರ್ಷದ ಓದುಗರೊಬ್ಬರು ತಮ್ಮ ಇಕ್ಕಟ್ಟು ಬರೆದುಕೊಂಡಿದ್ದರು. ಕೋಲಾರದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ನೇಮಕಾತಿ ಆದೇಶ ಕೈಗೆ ಬಂದಿದೆ. ಅದೇ ವೇಳೆಗೆ ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಯೊಂದು ವರ್ಷಕ್ಕೆ 9.6 ಲಕ್ಷದ ಸಿಟಿಸಿ, ಅಂದರೆ ನೌಕರರ ಮೇಲೆ ಕಂಪನಿ ಮಾಡುವ ಒಟ್ಟು ವೆಚ್ಚ, ಇಷ್ಟೆಂದು ಹೇಳಿ ಕರೆದಿದೆ. ಅವರಿಗೆ ಇದೇ ಮೊದಲ ಕೆಲಸ. ನಿವೃತ್ತ ಮೇಷ್ಟ್ರಾದ ತಂದೆ “ಪಿಂಚಣಿ ಇರೋ ಕೆಲಸ ಬಿಡಬೇಡ” ಅನ್ನುತ್ತಾರೆ, ಸ್ನೇಹಿತೆಯರು “ದುಡ್ಡು ಬರೋ ಕಡೆ ಹೋಗು” ಅನ್ನುತ್ತಾರೆ. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ನಿವೃತ್ತ ಖಜಾನೆ ನೌಕರರು, ಚಿಂತಾಮಣಿ

ಅಮ್ಮಾ, ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಿಮ್ಮ ತಂದೆಯವರಿಗೆ ಬರುತ್ತಿರುವಂಥ ಪಿಂಚಣಿ ನಿಮಗೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇವೆಗೆ ಸೇರಿದವರು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಬರುತ್ತಾರೆ. ಮೇಷ್ಟ್ರ ಪಿಂಚಣಿ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ವರ್ಷಕ್ಕೆರಡು ಸಲ ಏರುವ ತುಟ್ಟಿಭತ್ಯೆ. ಕೊಡುವ ಹೊಣೆ ಸರ್ಕಾರದ್ದು. ನಿಮ್ಮದು ಹಾಗಲ್ಲ. ನಿಮ್ಮ ಹೆಸರಿನ ಖಾತೆಯಲ್ಲಿ ಎಷ್ಟು ಕೂಡಿರುತ್ತದೋ ಅದರ ಮೇಲೆ ನಿಮ್ಮ ಪಿಂಚಣಿ. ಮನೆಯಲ್ಲಿ “ಪಿಂಚಣಿ” ಅನ್ನುವ ಒಂದೇ ಮಾತನ್ನು ಇಬ್ಬರೂ ಎರಡು ಅರ್ಥದಲ್ಲಿ ಆಡುತ್ತಿದ್ದೀರಿ.

ಹಾಗಂತ ಎನ್‌ಪಿಎಸ್ ಬರೀ ಕೈ ಅಲ್ಲ. ನಿಮ್ಮ ಹುದ್ದೆಯ ಆರಂಭದ ಮೂಲ ವೇತನ 44,425 ರೂಪಾಯಿ. ತುಟ್ಟಿಭತ್ಯೆ ಶೇ 14.25 ಎಂದು ಹಿಡಿದರೆ ಎರಡೂ ಸೇರಿ ಸುಮಾರು 50,750. ಇದರಲ್ಲಿ ಶೇ 10, ಅಂದರೆ 5,075 ನಿಮ್ಮ ಸಂಬಳದಿಂದ ಮುರಿಯುತ್ತಾರೆ. ಸರ್ಕಾರ ಶೇ 14 ಹಾಕುತ್ತದೆ, ಅದು 7,105. ತಿಂಗಳಿಗೆ 12,180 ನಿಮ್ಮ ಮುಪ್ಪಿಗೆ ಹೋಗುತ್ತಿದೆ. ತುಟ್ಟಿಭತ್ಯೆ ಏರಿದಾಗಲೂ ವಾರ್ಷಿಕ ಬಡ್ತಿ ಸಿಕ್ಕಾಗಲೂ ಈ ಮೊತ್ತ ತಾನಾಗೇ ಏರುತ್ತದೆ, ನೀವು ಯಾರನ್ನೂ ಕೇಳಬೇಕಿಲ್ಲ.

60ಕ್ಕೆ ನಿವೃತ್ತರಾದಾಗ ಕೂಡಿದ ಹಣದಲ್ಲಿ ಶೇ 60ರಷ್ಟನ್ನು ತೆರಿಗೆ ಇಲ್ಲದೆ ಒಟ್ಟಿಗೆ ತೆಗೆಯಬಹುದು. ಕನಿಷ್ಠ ಶೇ 40ರಲ್ಲಿ ವಿಮಾ ಕಂಪನಿಯಿಂದ ಆನ್ಯುಯಿಟಿ ಕೊಳ್ಳಲೇಬೇಕು. ತಿಂಗಳ ಪಿಂಚಣಿ ಬರುವುದು ಈ ಭಾಗದಿಂದ. 1 ಕೋಟಿ ಕೂಡಿದೆ ಎಂದುಕೊಳ್ಳಿ. 40 ಲಕ್ಷ ಆನ್ಯುಯಿಟಿಗೆ ಹೋಯಿತು, ದರ ಶೇ 6 ಇದ್ದರೆ ವರ್ಷಕ್ಕೆ 2.4 ಲಕ್ಷ, ತಿಂಗಳಿಗೆ 20,000. ಸಾಮಾನ್ಯ ಆನ್ಯುಯಿಟಿಯಲ್ಲಿ 60ನೇ ವಯಸ್ಸಿಗೂ ಅಷ್ಟೇ, 80ಕ್ಕೂ ಅಷ್ಟೇ. ಅದಕ್ಕೆ ತುಟ್ಟಿಭತ್ಯೆ ಇರುವುದಿಲ್ಲ. ನಾನು ಹೆದರಿಸಲು ಹೇಳುತ್ತಿಲ್ಲ. ಉಳಿದ 60 ಲಕ್ಷವನ್ನು ಮನೆ ಕಟ್ಟಲು, ಮದುವೆಗೆ ಸುರಿದರೆ ಮುಪ್ಪಿನಲ್ಲಿ ಏರುವ ಬೆಲೆಗೆ ಏರುವ ಆದಾಯ ಇರುವುದಿಲ್ಲ ಎಂಬುದು ಈಗಲೇ ತಿಳಿದಿರಲಿ.

ಇಷ್ಟು ತಿಳಿದೂ ನನ್ನ ಸಲಹೆ ಸರ್ಕಾರಿ ಕೆಲಸದ ಕಡೆಗೇ. ಕಾರಣ ಆ ಶೇ 14. ಅದು ನೀವು ಉಳಿಸಬೇಕೆಂದು ಮನಸ್ಸು ಮಾಡದಿದ್ದರೂ ಉಳಿಯುವ ಹಣ.

ವೇತನ ವಿಭಾಗದ ವ್ಯವಸ್ಥಾಪಕಿ, ವಸಂತನರಸಾಪುರ, ತುಮಕೂರು

9.6 ಲಕ್ಷವನ್ನು 12ರಿಂದ ಭಾಗಿಸಿ 80,000 ಬರುತ್ತದೆ ಅಂದುಕೊಂಡಿದ್ದರೆ ಆಫರ್ ಲೆಟರ್‌ನ ಕೊನೆಯ ಪುಟ ತೆಗೆಯಿರಿ. ಅಲ್ಲಿ ಸಂಬಳದ ವಿಂಗಡಣೆಯ ಪಟ್ಟಿ ಇರುತ್ತದೆ. ನೀವು ಬರೆದ ಅಂಕಿಗಳನ್ನೇ ಹಿಡಿಯುತ್ತೇನೆ: ಮೂಲ ವೇತನ 40,000, ವೇರಿಯಬಲ್ ಶೇ 10.

ವೇರಿಯಬಲ್ 8,000 ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಅದು ವರ್ಷದ ಕೊನೆಗೆ, ಅದೂ ಕಂಪನಿಯ ಗುರಿ ಮುಟ್ಟಿದರೆ. ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು ಮೂಲ ವೇತನದ ಶೇ 4.81, ಅಂದರೆ 1,924. ಗುಂಪು ವಿಮೆಯ ಕಂತು 700 ಅಂತ ನೀವೇ ಬರೆದಿದ್ದೀರಿ. ಇಷ್ಟೂ ಸಿಟಿಸಿ ಒಳಗೇ ಸೇರಿರುವ ಹಣ. ಉಳಿದದ್ದು 67,576. ಅದರಲ್ಲಿ ನಿಮ್ಮ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 65,500 ಚಿಲ್ಲರೆ. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಸರ್ಕಾರಿ ಕೆಲಸದಲ್ಲಿ ಎನ್‌ಪಿಎಸ್, ಸರ್ಕಾರಿ ವಿಮೆಯಾದ ಕೆಜಿಐಡಿಯ ಕಂತು ಕಳೆದು ಕೈಗೆ 45,000ದ ಆಸುಪಾಸು. ವ್ಯತ್ಯಾಸ 20,500.

ಈಗ 1,800 ಅನ್ನುವ ಆ ಅಂಕಿಯನ್ನು ಇನ್ನೊಮ್ಮೆ ನೋಡಿ. 40,000ಕ್ಕೆ ಶೇ 12 ಎಂದರೆ 4,800 ಆಗಬೇಕು. 1,800 ಬಂದಿದೆ ಎಂದರೆ ಕಂಪನಿ ಪಿಎಫನ್ನು ಕಾನೂನಿನ ಮಿತಿಯಾದ 15,000ಕ್ಕಷ್ಟೇ ಲೆಕ್ಕ ಹಾಕುತ್ತಿದೆ. ಇದು ತಪ್ಪಲ್ಲ, ನಿಯಮದಲ್ಲೇ ಇದೆ. ಆದರೆ ನಿಮ್ಮ ಮುಪ್ಪಿಗೆ ಹೋಗುವುದು ಇಬ್ಬರ ಪಾಲೂ ಸೇರಿ ತಿಂಗಳಿಗೆ 3,600 ಮಾತ್ರ. ಹಿರಿಯರು ಹೇಳಿದ 12,180 ಎಲ್ಲಿ, ಇದೆಲ್ಲಿ? ಎರಡೂ ಮೊತ್ತ ಏರದೆ, ಶೇ 8ರಂತೆ 34 ವರ್ಷ ಬೆಳೆದವು ಎನ್ನಿ. ಅದು ಎರಡೂವರೆ ಕೋಟಿ ದಾಟುತ್ತದೆ, ಇದು 75 ಲಕ್ಷದ ಹತ್ತಿರ ನಿಲ್ಲುತ್ತದೆ. ಮೇಲಾಗಿ ಅದು ಸಂಬಳದ ಜೊತೆ ಏರುತ್ತದೆ. ನಿಮ್ಮ 1,800, ಸಂಬಳ 2 ಲಕ್ಷ ಆದರೂ ಮಿತಿ ಬದಲಾಗುವವರೆಗೆ 1,800 ಆಗಿಯೇ ಇರುತ್ತದೆ.

ಆದ್ದರಿಂದ 20,500ರಲ್ಲಿ ಮೊದಲು 8,580 ತೆಗೆದಿಟ್ಟರೆ ಮಾತ್ರ ಎರಡೂ ಕೆಲಸ ಸಮ. ನಿಜವಾಗಿ ಹೆಚ್ಚಿಗೆ ಉಳಿಯುವುದು 12,000. ಅದು ಸಣ್ಣ ಹಣವಲ್ಲ, ಖಾಸಗಿಗೆ ಬರಬೇಡಿ ಎಂದು ನಾನು ಹೇಳುತ್ತಿಲ್ಲ. ಬರುವುದಾದರೆ ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಮೇಲ್ ಬರೆದು, ಪಿಎಫನ್ನು ಪೂರ್ಣ ಮೂಲ ವೇತನದ ಮೇಲೆ ಕಟ್ಟಲು ಆಯ್ಕೆ ಇದೆಯೇ ಎಂದು ಕೇಳಿ. ಹಲವು ಕಂಪನಿಗಳು ಸೇರುವಾಗ ಒಂದು ಸಲ ಮಾತ್ರ ಈ ಆಯ್ಕೆ ಕೊಡುತ್ತವೆ. ಒಪ್ಪಿದರೆ ತಿಂಗಳಿಗೆ 9,600 ಕೂಡುತ್ತದೆ, ಕೈಗೆ ಬರುವುದು 6,000 ಕಡಿಮೆಯಾಗಿ 59,500 ಆಗುತ್ತದೆ. ಒಪ್ಪದಿದ್ದರೆ ಸ್ವಯಂಪ್ರೇರಿತ ಪಿಎಫ್ ಎಂದು ನಿಮ್ಮ ಪಾಲನ್ನಷ್ಟೇ ಹೆಚ್ಚಿಸಿಕೊಳ್ಳಬಹುದು. ವರ್ಷಕ್ಕೆ ನಿಮ್ಮ ಪಾಲು 2.5 ಲಕ್ಷ ದಾಟುವವರೆಗೆ ಬಡ್ಡಿಗೆ ತೆರಿಗೆ ಇಲ್ಲ.

ಇನ್ನೊಂದು ಎಡವಟ್ಟು ಪದೇಪದೇ ಆಗುತ್ತದೆ. 2014ರ ಸೆಪ್ಟೆಂಬರ್ 1ರ ನಂತರ, ತುಟ್ಟಿಭತ್ಯೆ ಸೇರಿದ ಮೂಲ ವೇತನ 15,000ಕ್ಕಿಂತ ಹೆಚ್ಚಿಟ್ಟುಕೊಂಡು ಮೊದಲ ಬಾರಿಗೆ ಪಿಎಫ್‌ಗೆ ಸೇರುವವರು ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌ಗೆ ಬರುವುದಿಲ್ಲ. ಕಂಪನಿಯ ಪಾಲೆಲ್ಲ ಪಿಎಫ್‌ಗೇ ಹೋಗಬೇಕು. ಆದರೂ ಅಭ್ಯಾಸಬಲದಿಂದ 1,250 ರೂಪಾಯಿಯನ್ನು ಪಿಂಚಣಿ ಕಾಲಂಗೆ ಹಾಕಿಬಿಡುತ್ತಾರೆ. ವರ್ಷಗಳಾದ ಮೇಲೆ ಪಿಎಫ್ ವರ್ಗಾಯಿಸಲು ಹೋದಾಗ ಅರ್ಜಿ ತಿರಸ್ಕಾರವಾಗುತ್ತದೆ, ಆಗ ಹಳೇ ಕಂಪನಿಯ ಬಾಗಿಲು ತಟ್ಟಬೇಕು. ಮೂರನೇ ತಿಂಗಳಿಗೇ ಪಾಸ್‌ಬುಕ್ ತೆರೆದು ನೋಡಿ. ನೌಕರರ ಪಾಲು, ಕಂಪನಿಯ ಪಾಲು, ಪಿಂಚಣಿ ಎಂದು ಮೂರು ಕಾಲಂ ಇರುತ್ತವೆ. ಮೂರನೆಯದು ಸೊನ್ನೆ ಇರಬೇಕು. ಇಲ್ಲದಿದ್ದರೆ ಆಗಲೇ ಬರವಣಿಗೆಯಲ್ಲಿ ಸರಿಪಡಿಸಲು ಕೇಳಿ. ಇಪಿಎಸ್ ತಪ್ಪಿತಲ್ಲ ಎಂಬ ಕೊರಗು ಬೇಡ. 15,000ದ ಮಿತಿಯಲ್ಲಿ 35 ವರ್ಷದ ಸೇವೆಗೂ ಅದರ ಪಿಂಚಣಿ 7,500ರ ಆಸುಪಾಸು ಮಾತ್ರ.

ಎನ್‌ಪಿಎಸ್ ನೌಕರ, ಗೌರಿಬಿದನೂರು

ಹಳೇ ಪಿಂಚಣಿ ವಾಪಸ್ ಬರುತ್ತದೆ ಎಂಬ ಭರವಸೆಯ ಮೇಲೆ ಕೆಲಸ ಆರಿಸಬೇಡಿ. ಅದಕ್ಕಾಗಿ ಹೋರಾಟ ನಡೆದಿದೆ, ನಡೆಯಲೇಬೇಕು, ನಮ್ಮ ಬೇಡಿಕೆ ನ್ಯಾಯದ್ದು. ಆದರೆ ಹಳೇ ಪಿಂಚಣಿ ಕೊಡುವ 2024ರ ಜನವರಿಯ ಆದೇಶ ಅನ್ವಯಿಸಿದ್ದು 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿಯ ಅಧಿಸೂಚನೆಯಾಗಿ ಆಮೇಲೆ ಸೇವೆಗೆ ಸೇರಿದವರಿಗಷ್ಟೇ. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ತಂದ ಏಕೀಕೃತ ಪಿಂಚಣಿ ಯೋಜನೆಯೂ ಕೇಂದ್ರದ ನೌಕರರದ್ದು. ನೀವು ಸೇರುತ್ತಿರುವುದು ಎನ್‌ಪಿಎಸ್‌ಗೆ, ಲೆಕ್ಕ ಅದರ ಮೇಲೇ ಇರಲಿ.

ಸೇರಿದ ವಾರದಲ್ಲೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಎನ್‌ಪಿಎಸ್ ಖಾತೆಯ ಗುರುತಾದ ಪ್ರಾನ್ ಸಂಖ್ಯೆಗೆ ಅರ್ಜಿ ತುಂಬಿ, ಸಂಬಳದ ಬಿಲ್ ಮಾಡುವ ಅಧಿಕಾರಿಯಾದ ನಿಮ್ಮ ಡಿಡಿಒಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಅರ್ಜಿ ಮೇಜಿನ ಮೇಲೇ ಕೂತರೆ ಸಂಖ್ಯೆ ಬರುವವರೆಗೆ ನಿಮ್ಮ ಪಾಲೂ ಇಲ್ಲ, ಸರ್ಕಾರದ ಪಾಲೂ ಇಲ್ಲ. ಬಾಕಿ ಆಮೇಲೆ ಕಟ್ಟಿದರೂ ಆ ತಿಂಗಳುಗಳ ಬೆಳವಣಿಗೆ ಹೋಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ಪೇ ಸ್ಲಿಪ್ಪನ್ನೂ ಎನ್‌ಪಿಎಸ್ ಖಾತೆಯ ವಿವರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಲಿಪ್ಪಿನಲ್ಲಿ 5,075 ಮುರಿದ ತಿಂಗಳಿಗೆ ಖಾತೆಯಲ್ಲಿ 5,075 ಮತ್ತು 7,105 ಎರಡೂ ಸಾಲು ಕಾಣಬೇಕು. ತುಟ್ಟಿಭತ್ಯೆಯ ಹಿಂಬಾಕಿ ಬಂದ ತಿಂಗಳು ಮೊದಲು ನೋಡಿ, ತಪ್ಪು ನುಸುಳುವುದು ಅಲ್ಲೇ ಹೆಚ್ಚು.

ನಾಳೆ ಕೆಲಸ ಒಗ್ಗದೆ ಬಿಡುವುದಾದರೆ ಆ ಶೇ 14 ಸರ್ಕಾರಕ್ಕೆ ವಾಪಸ್ ಹೋಗುವುದಿಲ್ಲ, ಅದು ನಿಮ್ಮದೇ. ಆದರೆ ಖಾತೆ ಮುಚ್ಚಲು ಹೋಗಬೇಡಿ. ಮೊತ್ತ ತೀರಾ ಸಣ್ಣದಲ್ಲದಿದ್ದರೆ, 60ಕ್ಕೆ ಮೊದಲು ಮುಚ್ಚಿದಾಗ ಶೇ 80ರಷ್ಟು ಆನ್ಯುಯಿಟಿಗೇ ಹೋಗುತ್ತದೆ. ಅದೇ ಪ್ರಾನ್ ಸಂಖ್ಯೆಯನ್ನು ಖಾಸಗಿ ವಲಯಕ್ಕೆ ವರ್ಗಾಯಿಸಿಕೊಂಡು ಮುಂದುವರಿಸಬಹುದು. ಹಿಂದಿನ ಸೇವೆ ಮಾತ್ರ ರಾಜೀನಾಮೆಯೊಂದಿಗೆ ಅಳಿಸಿಹೋಗುತ್ತದೆ.

ತೆರಿಗೆ ಸಲಹೆಗಾರರು, ಕೋಲಾರ

ಎಲ್ಲರೂ 60ರ ನಂತರದ ಲೆಕ್ಕ ಹೇಳಿದ್ದಾರೆ. ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಕಾಡಿತು: ತಮ್ಮ ಇನ್ನೂ ಪಿಯುಸಿ, ತಾಯಿಗೆ ಡಯಾಲಿಸಿಸ್. ಸರ್ಕಾರಿ ನೌಕರರು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ, ಎನ್‌ಪಿಎಸ್‌ನವರಾದರೂ, ನಿಯಮದಂತೆ ಅರ್ಹ ಕುಟುಂಬಕ್ಕೆ ಕುಟುಂಬ ಪಿಂಚಣಿಯ ದಾರಿ ಇದೆ, ಅನುಕಂಪದ ನೇಮಕಾತಿಗೂ ಅವಕಾಶವಿದೆ. ಖಾಸಗಿಯಲ್ಲಿ ಆ ಜಾಗವನ್ನು ನೀವೇ ತುಂಬಬೇಕು. ಕಂಪನಿಯ ವಿಮೆ ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ. ಹಾಗಾಗಿ ನಿಮ್ಮದೇ ಟರ್ಮ್ ಜೀವ ವಿಮೆ ಪಾಲಿಸಿ ಬೇಕು. ಗುಂಪು ವಿಮೆಗೆ ತಾಯಿಯವರು ಸೇರುತ್ತಾರೆಯೇ, ಈಗಾಗಲೇ ಇರುವ ಕಾಯಿಲೆಗೆ ಮೊದಲ ದಿನದಿಂದಲೇ ಅನ್ವಯವೇ ಎಂಬ ಎರಡು ಪ್ರಶ್ನೆಗೆ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಎರಡರಲ್ಲಿ ಒಂದಕ್ಕೆ “ಇಲ್ಲ” ಬಂದರೂ, ಮೇಲಿನ ಪತ್ರದಲ್ಲಿ ಉಳಿಯುತ್ತದೆ ಎಂದಿರುವ 12,000 ಡಯಾಲಿಸಿಸ್ ಖರ್ಚಿಗೇ ಹೋಗುತ್ತದೆ. ಆಗ ನಾನಾದರೆ ಕೋಲಾರದ ಕಚೇರಿಗೇ ಹೋಗಿ ಎನ್ನುತ್ತೇನೆ. ಎರಡಕ್ಕೂ “ಹೌದು” ಬಂದು ಪಿಎಫ್ ಪೂರ್ಣ ವೇತನದ ಮೇಲಾದರೆ ನರಸಾಪುರದ ಕೆಲಸವನ್ನು ತಳ್ಳಿಹಾಕಲು ಕಾರಣ ಕಾಣುವುದಿಲ್ಲ.

ನೇಮಕಾತಿ ಆದೇಶದಲ್ಲಿ ಎಷ್ಟು ದಿನದೊಳಗೆ ವರದಿ ಮಾಡಿಕೊಳ್ಳಬೇಕೆಂದು ಬರೆದಿರುತ್ತದೆ. ಎಚ್‌ಆರ್ ಉತ್ತರ ತಡವಾಗುವಂತಿದ್ದರೆ ಆ ಗಡುವಿನೊಳಗೇ ಸಮಯ ವಿಸ್ತರಣೆಗೆ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಗಡುವು ಮುಗಿದ ಮರುದಿನ ಕೊಟ್ಟ ಅರ್ಜಿಯನ್ನು ನಂಬಿ ಕೂರುವಂತಿಲ್ಲ.