ಕ್ಯಾಬಿನ್ ಫಿಲ್ಟರ್ ಬದಲಾಯಿಸಿದೆ, ಗಾಳಿ ಸರಿಯಾಯಿತು, ಮುಗ್ಗಲು ವಾಸನೆ ಹೋಗಿಲ್ಲ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಏಸಿ ಫ್ಯಾನ್ 4ರಲ್ಲಿಟ್ಟರೂ ಸದ್ದು ಮಾತ್ರ ಜೋರು, ಗಾಳಿ ಸುಮ್ನೆ ಮುಖ ಸವರಿದ ಹಾಗೆ ಬರುತ್ತಿತ್ತು. ಜೊತೆಗೆ ಒಣಗದ ಬಟ್ಟೆಯ ವಾಸನೆ.

ನಿನ್ನೆ ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕ ಒಳಕ್ಕೆ ಒತ್ತಿ ಕೆಳಗಿಳಿಸಿದೆ. ಹಿಂದಿದ್ದ ಮುಚ್ಚಳ ತೆಗೆದು ಫಿಲ್ಟರ್ ಎಳೆದರೆ ಮಡಿಕೆಗಳ ತುಂಬ ಕಪ್ಪು ಧೂಳು, ಒಣಗಿದ ಎಲೆ, ಒಂದು ಮೂಲೆ ಒದ್ದೆ. ಫಿಲ್ಟರ್ ಇಲ್ಲದೆ ಅರೆ ನಿಮಿಷ ಫ್ಯಾನ್ ಹಾಕಿ ನೋಡಿದೆ, ಗಾಳಿ ರಭಸವಾಗಿ ಬಂತು. ಅಂದರೆ ಬ್ಲೋವರ್ ಮೋಟಾರು ಸರಿಯಿದೆ ಅಲ್ವಾ? ಹೊಸದನ್ನು ಹಾಕಿದ ಮೇಲೂ ಗಾಳಿ ಚೆನ್ನಾಗಿಯೇ ಇದೆ.

ಆದರೆ ವಾಸನೆ ಉಳಿದಿದೆ. ಬೆಳಿಗ್ಗೆ ಏಸಿ ಹಾಕಿದ ಮೊದಲ ಒಂದು ನಿಮಿಷ ಜಾಸ್ತಿ, ಆಮೇಲೆ ಕಡಿಮೆ. ಏಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ, ಹಾಗಾಗಿ ಡ್ರೈನ್ ಪೈಪ್ ಪೂರ್ತಿ ಕಟ್ಟಿಕೊಂಡಿಲ್ಲ ಅನಿಸುತ್ತದೆ. ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಬೂಷ್ಟು ಹಿಡಿದಿದೆಯೇನೋ ಎಂಬ ಅನುಮಾನ. ಇಳಿಯುವ ಮೊದಲು ಐದು ನಿಮಿಷ ಏಸಿ ಆರಿಸಿ ಬರೀ ಫ್ಯಾನ್ ಓಡಿಸಿ ಕಾಯಿಲ್ ಒಣಗಿಸುತ್ತಿದ್ದೇನೆ. ಸ್ವಲ್ಪ ವಾಸಿ, ಅಷ್ಟೇ.

ಕಾಯಿಲ್ ತೊಳೆಯುವ ನೊರೆ ಸ್ಪ್ರೇಯನ್ನು ಡ್ರೈನ್ ಪೈಪಿನಿಂದ ಮೇಲಕ್ಕೆ ಬಿಡಬೇಕೋ, ಫಿಲ್ಟರ್ ಜಾಗದಿಂದಲೋ? ಫಿಲ್ಟರ್ ಕಡೆಯಿಂದ ಬಿಟ್ಟರೆ ಮೋಟಾರಿಗೆ ನೀರು ಇಳಿಯುವ ಭಯ. ಮಾಡಿ ನೋಡಿದವರು ಹೇಳಿ.

ಇನ್ನೊಂದು: ಹೊಸ ಫಿಲ್ಟರಿನ ಅಂಚಿನಲ್ಲಿ ಗಾಳಿಯ ಬಾಣದ ಗುರುತಿದೆ. ನನ್ನ ಕಾರಿನಲ್ಲಿ ಬ್ಲೋವರ್ ಫಿಲ್ಟರಿನ ಕೆಳಗಿದೆ, ಅದಕ್ಕೆ ಬಾಣ ಕೆಳಮುಖವಾಗಿ ಹಾಕಿದ್ದೇನೆ. ಸರಿ ತಾನೇ? ಹಳೆಯದು ಹೇಗಿತ್ತು ಅಂತ ನೋಡುವ ಮೊದಲೇ ಎಳೆದುಬಿಟ್ಟಿದ್ದೆ!